ಅರ್ಧ ಸರಿ ಉತ್ತರಕ್ಕೆ ಅಂಕ ಯಾಕಿಲ್ಲ?

2024ರ ಮೇ 5ರಂದು ದೇಶದಾದ್ಯಂತ ಸುಮಾರು 23 ಲಕ್ಷ ಮಕ್ಕಳು ನೀಟ್ ಪರೀಕ್ಷೆ ಬರೆದರು. ಅದರ ಭೌತಶಾಸ್ತ್ರ ವಿಭಾಗದ ಒಂದೇ ಒಂದು ಪ್ರಶ್ನೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಆ ಪ್ರಶ್ನೆಗೆ ಸರಿ ಉತ್ತರ ಯಾವುದೆಂದು ತೀರ್ಮಾನವಾದಾಗ ನಾಲ್ಕು ಲಕ್ಷಕ್ಕೂ ಹೆಚ್ಚು ಅಭ್ಯರ್ಥಿಗಳು ತಲಾ ಐದು ಅಂಕ ಕಳೆದುಕೊಂಡರು. 720ಕ್ಕೆ 720 ಪಡೆದಿದ್ದ 61 ಮಂದಿಯಲ್ಲಿ 44 ಮಂದಿಯ ಪೂರ್ಣಾಂಕ ಹೋಯಿತು, 17 ಮಂದಿ ಮಾತ್ರ ಉಳಿದರು. ಅಂಕ ಕಳೆದುಕೊಂಡವರು ಗುರುತು ಹಾಕಿದ್ದ ಆಯ್ಕೆ ಪೂರ್ತಿ ಸುಳ್ಳೇನೂ ಆಗಿರಲಿಲ್ಲ. ಅದರಲ್ಲಿ ಬಹುಪಾಲು ನಿಜವೇ ಇತ್ತು. ಹಾಗಿದ್ದೂ ಅದು ಸೋತದ್ದೇಕೆ?

ಇಂದು ಎಸ್‌ಎಸ್‌ಎಲ್‌ಸಿಯಿಂದ ಹಿಡಿದು ಸಿಇಟಿ, ಕೆಎಎಸ್, ಐಎಎಸ್‌ವರೆಗೆ ಬಹು ಆಯ್ಕೆ ಪ್ರಶ್ನೆ ಇಲ್ಲದ ಪರೀಕ್ಷೆಯೇ ಇಲ್ಲ. ಫಲಿತಾಂಶ ಬಂದಾಗಲೆಲ್ಲ ಮನೆಮನೆಗಳಲ್ಲಿ ಏಳುವ ತಕರಾರು ಕೂಡ ಒಂದೇ: "ನಾನು ಹಾಕಿದ್ದೂ ಸರಿಯೇ ಅಲ್ಲವಾ?" ಈ ತಕರಾರಿಗೆ ನೇರವಾದ ಉತ್ತರವಿದೆ. ಅರ್ಧ ಸರಿ ಎಂಬುದು ಒಂದೇ ಬಗೆಯದಲ್ಲ. ಒಂದು ಬಗೆಯದು ತನ್ನೊಳಗಿನ ತಪ್ಪಿನಿಂದಲೇ ಸೋಲುತ್ತದೆ. ಇನ್ನೊಂದರಲ್ಲಿ ತಪ್ಪೇನೂ ಇರುವುದಿಲ್ಲ, ಆದರೆ ಪಕ್ಕದ ಆಯ್ಕೆ ತನಗಿಂತ ಪೂರ್ಣವಾಗಿರುವುದರಿಂದ ಸೋಲುತ್ತದೆ. ಈ ಎರಡನ್ನು ಬೇರೆ ಮಾಡಿ ನೋಡಲು ಕಲಿತವರು ಪರೀಕ್ಷಾ ಕೊಠಡಿಯಲ್ಲಿ ಎಡವುವುದು ಕಡಿಮೆ.

ಒಂದು ಪದದ ತಪ್ಪು

ನೀಟ್ ಪ್ರಶ್ನೆಯನ್ನೇ ಮೊದಲು ಬಿಡಿಸಿ ನೋಡೋಣ. ಅದರಲ್ಲಿ ಎರಡು ಹೇಳಿಕೆಗಳಿದ್ದವು. ಪರಮಾಣುವಿನಲ್ಲಿ ಧನ ಮತ್ತು ಋಣ ವಿದ್ಯುದಂಶಗಳು ಸಮನಾಗಿರುವುದರಿಂದ ಅದು ವಿದ್ಯುತ್ ತಟಸ್ಥವಾಗಿರುತ್ತದೆ ಎಂಬುದು ಮೊದಲನೆಯದು. ಪ್ರತಿಯೊಂದು ಧಾತುವಿನ ಪರಮಾಣುಗಳೂ ಸ್ಥಿರವಾಗಿದ್ದು ತಮ್ಮದೇ ವಿಶಿಷ್ಟ ರೋಹಿತವನ್ನು ಹೊರಸೂಸುತ್ತವೆ ಎಂಬುದು ಎರಡನೆಯದು. ಎರಡೂ ಸರಿ, ಎರಡೂ ತಪ್ಪು, ಮೊದಲನೆಯದು ಮಾತ್ರ ಸರಿ, ಎರಡನೆಯದು ಮಾತ್ರ ಸರಿ ಎಂಬ ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಆರಿಸಬೇಕಿತ್ತು.

ಮೊದಲ ಹೇಳಿಕೆಯಲ್ಲಿ ತಕರಾರಿಲ್ಲ. ಎರಡನೆಯದರ ಒಳಗೆ ಎರಡು ಮಾತುಗಳಿವೆ. ಒಂದು, ಪರಮಾಣುಗಳು ತಮ್ಮದೇ ರೋಹಿತವನ್ನು ಹೊರಸೂಸುತ್ತವೆ ಎಂಬುದು. ಇದು ನಿಜ. ಸೋಡಿಯಂ ದೀಪದ ಹಳದಿ ಬೆಳಕು, ನಿಯಾನ್ ದೀಪದ ಕೆಂಪು ಬೆಳಕು ಬರುವುದು ಇದರಿಂದಲೇ. ಎರಡು, ಪ್ರತಿಯೊಂದು ಧಾತುವಿನ ಪರಮಾಣುವೂ ಸ್ಥಿರ ಎಂಬುದು. ಇದು ನಿಜವಲ್ಲ. ಯುರೇನಿಯಂ, ರೇಡಿಯಂಗಳಂಥ ವಿಕಿರಣಶೀಲ ಧಾತುಗಳ ಪರಮಾಣುಗಳು ತಾವಾಗಿಯೇ ಒಡೆದು ಬೇರೆ ಧಾತುವಾಗಿ ಮಾರ್ಪಡುತ್ತವೆ. ಆವರ್ತ ಕೋಷ್ಟಕದಲ್ಲಿ ಸೀಸವನ್ನು ದಾಟಿದ ಮೇಲೆ ಬರುವ ಒಂದು ಧಾತುವಿಗೂ ಸ್ಥಿರವಾದ ರೂಪವಿಲ್ಲ. ಅದಕ್ಕೂ ಮುಂಚಿನ ಟೆಕ್ನೀಷಿಯಂ, ಪ್ರೊಮೀಥಿಯಂಗಳಿಗೂ ಇಲ್ಲ.

"ಎರಡೂ ಸರಿ" ಎಂದವರ ಲೆಕ್ಕ ಹೀಗಿತ್ತು: ಪರಮಾಣು ತಟಸ್ಥ, ಹೌದು; ರೋಹಿತ ಹೊರಸೂಸುತ್ತದೆ, ಹೌದು; ಸ್ಥಿರವಾಗಿರುತ್ತದೆ, ಅದೂ ಹೌದು. ಮೂರನೆಯದರಲ್ಲಿ "ಪ್ರತಿಯೊಂದು" ಎಂಬ ಪದವಿಲ್ಲದೆ "ಹೆಚ್ಚಿನ" ಎಂಬ ಪದವಿದ್ದಿದ್ದರೆ ಆ ಆಯ್ಕೆಯೇ ಗೆಲ್ಲುತ್ತಿತ್ತು. ಆ ಒಂದು ಪದದಿಂದ ಹೇಳಿಕೆ ಕೆಟ್ಟಿತು, ಹೇಳಿಕೆ ಕೆಟ್ಟಿದ್ದರಿಂದ ಅದನ್ನು ಒಳಗೊಂಡ ಆಯ್ಕೆಯೂ ಕೆಟ್ಟಿತು. ಒಂದು ಹನಿ ಹುಳಿ ಬಿದ್ದರೆ ಪಾತ್ರೆಯ ಹಾಲೆಲ್ಲ ಒಡೆಯುವ ಹಾಗೆ.

ಇಲ್ಲಿರುವುದು ತರ್ಕದ ಸರಳ ನಿಯಮ. "ಇದು ಮತ್ತು ಅದು" ಎಂದು ಹೇಳಿದವನು ಎರಡಕ್ಕೂ ಹೊಣೆಯಾಗುತ್ತಾನೆ. ಎರಡೂ ನಿಜವಾಗಿದ್ದರೆ ಮಾತ್ರ ಅವನ ಮಾತು ನಿಜ. ಒಂದು ತಪ್ಪಿದರೂ ಒಟ್ಟು ಮಾತು ತಪ್ಪು, ಇನ್ನೊಂದು ಎಷ್ಟೇ ದೊಡ್ಡ ಸತ್ಯವಾಗಿರಲಿ. ಬಹು ಆಯ್ಕೆ ಪ್ರಶ್ನೆಯಲ್ಲಿ ಪ್ರತಿ ಆಯ್ಕೆಯೂ ಇಡಿಯಾದ ಒಂದು ಮಾತು. ವೃತ್ತ ತುಂಬಿದ ಅಭ್ಯರ್ಥಿ ಆ ಇಡೀ ಮಾತಿಗೆ ಸಹಿ ಹಾಕಿದಂತೆ. ನಿಜವಾದ ಭಾಗಕ್ಕೆ ಮಾತ್ರ ನನ್ನ ಸಹಿ, ಉಳಿದದ್ದಕ್ಕೆ ಅಲ್ಲ ಎಂದು ಹೇಳಲು ಒಎಂಆರ್ ಹಾಳೆಯಲ್ಲಿ ಜಾಗವಿಲ್ಲ.

ಮಕ್ಕಳು ಎಡವಿದ್ದಕ್ಕೆ ಕಾರಣವೂ ಇತ್ತು. ಎನ್‌ಸಿಇಆರ್‌ಟಿಯ 12ನೇ ತರಗತಿಯ ಭೌತಶಾಸ್ತ್ರ ಪಠ್ಯದ ಹಳೆಯ ಆವೃತ್ತಿಯಲ್ಲಿ ಪ್ರತಿ ಧಾತುವಿನ ಪರಮಾಣುಗಳೂ ಸ್ಥಿರ ಎಂಬ ಅರ್ಥದ ವಾಕ್ಯವಿತ್ತು. ಹೊಸ ಆವೃತ್ತಿಯಲ್ಲಿ ಅದನ್ನು ಹೆಚ್ಚಿನ ಧಾತುಗಳ ಪರಮಾಣುಗಳು ಸ್ಥಿರ ಎಂದು ತಿದ್ದಲಾಗಿತ್ತು. ಹಳೆಯ ಪುಸ್ತಕ ಓದಿದವರ ಆಕ್ಷೇಪಣೆಗೆ ಮಣಿದು ಪರೀಕ್ಷೆ ನಡೆಸಿದ ಎನ್‌ಟಿಎ ಎರಡೂ ಆಯ್ಕೆಗಳಿಗೆ ಅಂಕ ಕೊಟ್ಟಿತು. ಹೊಸ ಪುಸ್ತಕ ಓದಿದವರು ಅದನ್ನು ಪ್ರಶ್ನಿಸಿದರು. ಜುಲೈ 22ರಂದು ಸುಪ್ರೀಂ ಕೋರ್ಟ್ ದೆಹಲಿ ಐಐಟಿಯ ನಿರ್ದೇಶಕರಿಗೆ ಮೂವರು ತಜ್ಞರ ಸಮಿತಿ ರಚಿಸಿ ಮರುದಿನವೇ ಉತ್ತರ ತಿಳಿಸುವಂತೆ ಹೇಳಿತು. ಮೊದಲ ಹೇಳಿಕೆ ಸರಿ, ಎರಡನೆಯದು ತಪ್ಪು ಎಂಬ ನಾಲ್ಕನೆಯ ಆಯ್ಕೆಯೊಂದೇ ಸರಿ ಎಂದು ಸಮಿತಿ ಹೇಳಿತು, ನ್ಯಾಯಾಲಯ ಅದನ್ನು ಒಪ್ಪಿಕೊಂಡಿತು. ನೀಟ್‌ನಲ್ಲಿ ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಅಂಕ ಕಡಿತ. "ಎರಡೂ ಸರಿ" ಎಂದವರಿಗೆ ಸಿಕ್ಕಿದ್ದ ನಾಲ್ಕು ಹೋಗಿ, ಮೇಲೊಂದು ಕಡಿತವಾಗಿ, ಒಟ್ಟು ಐದರ ನಷ್ಟವಾಯಿತು.

ತಪ್ಪಿಲ್ಲದಿದ್ದರೂ ಸೋಲುವ ಆಯ್ಕೆ

ಎರಡನೆಯ ಬಗೆ ಇದಕ್ಕಿಂತ ಸೂಕ್ಷ್ಮ. ಇಲ್ಲಿ ಆಯ್ಕೆಯೊಳಗೆ ಸುಳ್ಳಿನ ಸುಳಿವೂ ಇರುವುದಿಲ್ಲ. ಪ್ರೌಢಶಾಲೆಯ ಭೂಗೋಳದಿಂದ ಒಂದು ಪ್ರಶ್ನೆ ಮಾಡಿಕೊಳ್ಳೋಣ. ಭೂಮಿಯ ಮೇಲೆ ಋತುಗಳು ಬದಲಾಗಲು ಕಾರಣವೇನು?

(ಎ) ಭೂಮಿಯು ಸೂರ್ಯನ ಸುತ್ತ ಪರಿಭ್ರಮಿಸುವುದು
(ಬಿ) ಭೂಮಿಯ ಅಕ್ಷ ವಾಲಿರುವುದು
(ಸಿ) ವಾಲಿದ ಅಕ್ಷದೊಂದಿಗೆ ಭೂಮಿಯು ಸೂರ್ಯನ ಸುತ್ತ ಪರಿಭ್ರಮಿಸುವುದು
(ಡಿ) ವರ್ಷದಲ್ಲಿ ಭೂಮಿಯು ಸೂರ್ಯನಿಗೆ ಹತ್ತಿರ ಮತ್ತು ದೂರವಾಗುವುದು

ಡಿ ಆಯ್ಕೆಯನ್ನು ಮೊದಲು ಬದಿಗಿಡಬಹುದು. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿಯ ಮೊದಲ ವಾರದಲ್ಲಿ. ಆಗ ದೂರ ಸುಮಾರು 14.7 ಕೋಟಿ ಕಿಲೋಮೀಟರ್. ಅತಿ ದೂರ ಹೋಗುವುದು ಜುಲೈ ಮೊದಲ ವಾರದಲ್ಲಿ, ಸುಮಾರು 15.2 ಕೋಟಿ ಕಿಲೋಮೀಟರ್. ದೂರವೇ ಕಾರಣವಾಗಿದ್ದರೆ ಬೀದರ್‌ನಲ್ಲಿ ಜನ ಜನವರಿಯಲ್ಲಿ ಕಂಬಳಿ ಹೊದೆಯಬೇಕಾಗಿರಲಿಲ್ಲ. ಡಿಯಲ್ಲಿ ಹೇಳಿದ ಸಂಗತಿ ನಿಜ, ಭೂಮಿ ಹತ್ತಿರವೂ ಬರುತ್ತದೆ, ದೂರವೂ ಹೋಗುತ್ತದೆ. ಆದರೆ ಅದು ಕೇಳಿದ ಪ್ರಶ್ನೆಗೆ ಉತ್ತರವಲ್ಲ.

ಈಗ ಎ ಮತ್ತು ಬಿ. ಭೂಮಿಯ ಪರಿಭ್ರಮಣೆ ಇಲ್ಲದೆ ಋತು ಬದಲಾಗದು, ಆದ್ದರಿಂದ ಎ ಸುಳ್ಳಲ್ಲ. ಅಕ್ಷ ವಾಲದೆ ಋತು ಬದಲಾಗದು, ಆದ್ದರಿಂದ ಬಿ ಸುಳ್ಳಲ್ಲ. ಈ ಎರಡರಲ್ಲಿ ಯಾವುದನ್ನು ಹಾಕಿದವರೂ ತಮ್ಮದು ಸರಿ ಎಂದು ವಾದಿಸಬಹುದು. ಅವರಿಗೆ ಉತ್ತರ ಕೊಡಲು ಒಂದು ಪರೀಕ್ಷೆ ಇದೆ. ಆಯ್ಕೆಯಲ್ಲಿ ಹೇಳಿದ್ದನ್ನಷ್ಟೇ ಉಳಿಸಿಕೊಂಡು, ಹೇಳದೆ ಬಿಟ್ಟದ್ದನ್ನು ತೆಗೆದುಹಾಕಿ, ಏನಾಗುತ್ತದೆ ಎಂದು ಯೋಚಿಸುವುದು.

ಅಕ್ಷ ನೆಟ್ಟಗೆ ನಿಂತು, ಭೂಮಿ ಸೂರ್ಯನ ಸುತ್ತ ತಿರುಗುತ್ತಿದೆ ಎಂದುಕೊಳ್ಳಿ. ಆಗ ಮಂಗಳೂರಾಗಲಿ ಮಾಸ್ಕೋ ಆಗಲಿ, ವರ್ಷವಿಡೀ ಹಗಲು ರಾತ್ರಿ ಹೆಚ್ಚುಕಡಿಮೆ ಹನ್ನೆರಡು ಹನ್ನೆರಡು ಗಂಟೆ. ನಡುಹಗಲಲ್ಲಿ ಸೂರ್ಯನ ಎತ್ತರ ಎಲ್ಲ ತಿಂಗಳಲ್ಲೂ ಒಂದೇ. ದೂರದಲ್ಲಿ ಆಗುವ ಶೇಕಡ ಮೂರರಷ್ಟು ಏರುಪೇರಿನಿಂದ ಸ್ವಲ್ಪ ವ್ಯತ್ಯಾಸ ಬಂದೀತು, ಆದರೆ ನಾವು ಬೇಸಿಗೆ, ಚಳಿಗಾಲ ಎಂದು ಕರೆಯುವ ಬದಲಾವಣೆ ಬರದು. ಅಂದರೆ ಎ ಒಂದರಿಂದಲೇ ಋತು ಹುಟ್ಟದು. ಇನ್ನು ಅಕ್ಷ ಈಗಿನಂತೆಯೇ 23.5 ಡಿಗ್ರಿ ವಾಲಿದ್ದು, ಭೂಮಿ ಸೂರ್ಯನ ಸುತ್ತ ಹೋಗದೆ ನಿಂತಲ್ಲೇ ತನ್ನ ಸುತ್ತ ತಿರುಗುತ್ತಿದೆ ಎಂದುಕೊಳ್ಳಿ. ಸೂರ್ಯನತ್ತ ಬಾಗಿದ ಗೋಳಾರ್ಧಕ್ಕೆ ಯಾವಾಗಲೂ ಬೇಸಿಗೆ, ಆಚೆ ಬಾಗಿದ್ದಕ್ಕೆ ಯಾವಾಗಲೂ ಚಳಿಗಾಲ. ಋತು ಇರುತ್ತದೆ, ಬದಲಾಗುವುದಿಲ್ಲ. ಪ್ರಶ್ನೆ ಕೇಳಿದ್ದು ಬದಲಾವಣೆಯ ಕಾರಣವನ್ನು. ಆದ್ದರಿಂದ ಬಿ ಕೂಡ ಒಂಟಿಯಾಗಿ ಸಾಲದು. ವಾಲಿದ ಅಕ್ಷ ಒಂದೇ ದಿಕ್ಕಿಗೆ ಮುಖಮಾಡಿಕೊಂಡು ಸೂರ್ಯನ ಸುತ್ತ ಸಾಗಿದಾಗಲೇ ಜೂನ್‌ನಲ್ಲಿ ಉತ್ತರ ಗೋಳಾರ್ಧ, ಡಿಸೆಂಬರ್‌ನಲ್ಲಿ ದಕ್ಷಿಣ ಗೋಳಾರ್ಧ ಸೂರ್ಯನತ್ತ ಬಾಗುತ್ತದೆ. ಆ ಮಾತನ್ನು ಪೂರ್ತಿಯಾಗಿ ಹೇಳುವುದು ಸಿ ಮಾತ್ರ.

ಇಲ್ಲಿ ಎ, ಬಿ ಸೋತದ್ದು ಸುಳ್ಳು ಹೇಳಿದ್ದಕ್ಕಲ್ಲ, ಕೇಳಿದ್ದರಲ್ಲಿ ಅರ್ಧವನ್ನಷ್ಟೇ ಹೇಳಿದ್ದಕ್ಕೆ, ಮತ್ತು ಪೂರ್ತಿ ಹೇಳಿದ ಇನ್ನೊಂದು ಆಯ್ಕೆ ಪಕ್ಕದಲ್ಲೇ ಇದ್ದುದಕ್ಕೆ. ಸಿಯನ್ನು ಪತ್ರಿಕೆಯಿಂದ ತೆಗೆದುಬಿಟ್ಟರೆ ಎ ಗೆಲ್ಲಬೇಕೋ ಬಿ ಗೆಲ್ಲಬೇಕೋ ಹೇಳಲಾಗದು, ಪ್ರಶ್ನೆಯೇ ದೋಷಪೂರ್ಣವಾಗುತ್ತದೆ. ಬದಲಿಗೆ, ಅಕ್ಷದ ವಾಲುವಿಕೆಯ ಜೊತೆಗೆ ಋತು ಬದಲಾವಣೆಗೆ ಬೇಕಾದ ಇನ್ನೊಂದು ಕಾರಣ ಯಾವುದು ಎಂದು ಪ್ರಶ್ನೆಯನ್ನು ತಿದ್ದಿದರೆ ಎ ಪೂರ್ಣ ಸರಿಯಾಗುತ್ತದೆ. ಎಯಲ್ಲಿರುವ ವಾಕ್ಯ ಒಂದಕ್ಷರವೂ ಬದಲಾಗಿಲ್ಲ. ಒಂದು ಪ್ರಶ್ನೆಗೆ ಅದು ಅರ್ಧ ಉತ್ತರ, ಇನ್ನೊಂದಕ್ಕೆ ಪೂರ್ಣ ಉತ್ತರ. ಆಯ್ಕೆಯ ಸರಿತನವನ್ನು ಅಳೆಯುವುದು ಲೋಕಜ್ಞಾನದ ಎದುರಿಗೆ ಮಾತ್ರವಲ್ಲ, ಕೇಳಿದ ಪ್ರಶ್ನೆಯ ಎದುರಿಗೆ, ಮತ್ತು ಜೊತೆಗಿರುವ ಮೂರು ಆಯ್ಕೆಗಳ ಎದುರಿಗೆ.

ಪರೀಕ್ಷೆ ನಡೆಸುವವರು ಇದನ್ನು ಮುಚ್ಚಿಟ್ಟಿಲ್ಲ. ನಮ್ಮ ಎಸ್‌ಎಸ್‌ಎಲ್‌ಸಿ ಪ್ರಶ್ನೆಪತ್ರಿಕೆ ಹೆಚ್ಚು ಸೂಕ್ತವಾದ ಆಯ್ಕೆಯನ್ನು ಆರಿಸಲು ಹೇಳುತ್ತದೆ. ಯುಪಿಎಸ್‌ಸಿಯ ಪುಸ್ತಿಕೆಯ ಸೂಚನೆ ಇನ್ನೂ ನೇರವಾಗಿದೆ: ಒಂದಕ್ಕಿಂತ ಹೆಚ್ಚು ಉತ್ತರಗಳು ಸರಿ ಅನ್ನಿಸಿದರೆ, ನಿಮ್ಮ ದೃಷ್ಟಿಯಲ್ಲಿ ಅತ್ಯುತ್ತಮವಾದುದನ್ನು ಗುರುತಿಸಿ, ಆದರೆ ಒಂದನ್ನು ಮಾತ್ರ. ಅಂದರೆ ಎರಡು ಆಯ್ಕೆಗಳು ಸರಿಯೆನಿಸುವ ಸಂದರ್ಭ ಬರಬಹುದೆಂದು ಆಯೋಗವೇ ಒಪ್ಪಿಕೊಂಡು, ಆಗ ಹೋಲಿಸಿ ನೋಡಿ ಎಂದು ಹೇಳಿದೆ. ಈ ಸೂಚನೆಯನ್ನು ಓದದೆ ಮೊದಲು ಕಂಡ ಸರಿ ಆಯ್ಕೆಗೆ ವೃತ್ತ ತುಂಬಿ ಮುಂದೆ ಹೋಗುವವರೇ ಎ ಮತ್ತು ಬಿಗೆ ಬಲಿಯಾಗುತ್ತಾರೆ.

"ಮಾತ್ರ" ಎಂಬ ಪದದ ಕೆಲಸ

ಕೆಎಎಸ್, ಐಎಎಸ್ ಪರೀಕ್ಷೆಗಳಲ್ಲಿ ಈ ಎರಡೂ ಬಗೆಗಳು ಒಂದೇ ಪ್ರಶ್ನೆಯಲ್ಲಿ ಕೂಡಿಬರುತ್ತವೆ. ಉದಾಹರಣೆಗೆ ಮೂರು ಹೇಳಿಕೆಗಳಿವೆ ಎನ್ನಿ: 1. ಹೇಮಾವತಿ ಕಾವೇರಿಯ ಉಪನದಿ. 2. ಶಿಂಷಾ ಕಾವೇರಿಯ ಉಪನದಿ. 3. ಮಲಪ್ರಭಾ ಕಾವೇರಿಯ ಉಪನದಿ. ಸರಿಯಾದ ಹೇಳಿಕೆಗಳು ಯಾವುವು? ಆಯ್ಕೆಗಳು: 1 ಮಾತ್ರ, 1 ಮತ್ತು 2 ಮಾತ್ರ, 2 ಮತ್ತು 3 ಮಾತ್ರ, ಮೂರೂ.

ಮಲಪ್ರಭಾ ಸೇರುವುದು ಕೃಷ್ಣೆಯನ್ನು. ಆದ್ದರಿಂದ "2 ಮತ್ತು 3 ಮಾತ್ರ", "ಮೂರೂ" ಎಂಬವು ನೀಟ್ ಪ್ರಶ್ನೆಯ ದಾರಿಯಲ್ಲೇ ಸೋಲುತ್ತವೆ, ಅವುಗಳೊಳಗೆ ಸುಳ್ಳು ಸೇರಿದೆ. "1 ಮಾತ್ರ" ಎಂಬುದನ್ನು ಗಮನಿಸಿ. ಹೇಮಾವತಿಯ ಬಗ್ಗೆ ಅದು ಹೇಳುವುದು ನಿಜ. ಆದರೆ "ಮಾತ್ರ" ಎಂಬ ಪದ ಇನ್ನೊಂದು ಮಾತನ್ನೂ ಸೇರಿಸುತ್ತದೆ: 2 ಮತ್ತು 3 ತಪ್ಪು. ಶಿಂಷಾ ಕಾವೇರಿಯ ಉಪನದಿಯೇ ಆದ್ದರಿಂದ ಆ ಮಾತು ಸುಳ್ಳು. ಋತುವಿನ ಪ್ರಶ್ನೆಯಲ್ಲಿ ಎ ಕೇವಲ ಅಪೂರ್ಣವಾಗಿತ್ತು. ಇಲ್ಲಿ ಅಪೂರ್ಣತೆಯನ್ನು "ಮಾತ್ರ" ಎಂಬ ಪದ ಸುಳ್ಳಾಗಿ ಮಾರ್ಪಡಿಸಿದೆ. "ನನಗೆ ಹೇಮಾವತಿ ಗೊತ್ತಿತ್ತು, ಅರ್ಧ ಅಂಕವಾದರೂ ಬರಬೇಕು" ಎನ್ನುವವರು ಈ ಎರಡನೆಯ ಮಾತಿಗೂ ತಾವು ಸಹಿ ಹಾಕಿದ್ದನ್ನು ಗಮನಿಸಿರುವುದಿಲ್ಲ.

ಇದೇ ಜಾತಿಗೆ ಸೇರಿದ್ದು ಹೇಳಿಕೆ ಮತ್ತು ಕಾರಣದ ಪ್ರಶ್ನೆ. ಹೇಳಿಕೆ: ಪಶ್ಚಿಮ ಘಟ್ಟದ ಪಶ್ಚಿಮ ಇಳಿಜಾರಿನಲ್ಲಿ ಭಾರಿ ಮಳೆಯಾಗುತ್ತದೆ. ಕಾರಣ: ಪಶ್ಚಿಮ ಘಟ್ಟದಲ್ಲಿ ಅನೇಕ ನದಿಗಳು ಹುಟ್ಟುತ್ತವೆ. ಎರಡೂ ನಿಜ. ಆದರೆ ನದಿ ಹುಟ್ಟುವುದರಿಂದ ಮಳೆಯಾಗುವುದಿಲ್ಲ, ಮಳೆಯಾಗುವುದರಿಂದ ನದಿ ಹುಟ್ಟುತ್ತದೆ. ಅರಬ್ಬಿ ಸಮುದ್ರದಿಂದ ಬರುವ ತೇವಭರಿತ ಮಾರುತ ಘಟ್ಟಕ್ಕೆ ತಡೆದು ಮೇಲೇರಿ ತಣಿಯುವುದೇ ಮಳೆಯ ಕಾರಣ. "ಎರಡೂ ಸರಿ, ಕಾರಣವು ಹೇಳಿಕೆಯನ್ನು ವಿವರಿಸುತ್ತದೆ" ಎಂಬ ಆಯ್ಕೆಯಲ್ಲಿ ಮೂರು ಮಾತುಗಳಿವೆ. ಎರಡು ನಿಜ, ಮೂರನೆಯದಾದ ಸಂಬಂಧ ಸುಳ್ಳು. ಇಂಥ ಪ್ರಶ್ನೆಯಲ್ಲಿ ಮಕ್ಕಳು ಎರಡು ವಾಕ್ಯಗಳಿಗೂ ಸರಿ ಗುರುತು ಹಾಕಿಕೊಂಡು, ಅವುಗಳ ನಡುವೆ "ಆದ್ದರಿಂದ" ಎಂದು ಸೇರಿಸಿ ಓದದೆ ಬಿಡುವುದರಿಂದ ತಪ್ಪುತ್ತಾರೆ. "ನದಿಗಳು ಹುಟ್ಟುತ್ತವೆ, ಆದ್ದರಿಂದ ಮಳೆಯಾಗುತ್ತದೆ" ಎಂದು ಒಮ್ಮೆ ಮನಸ್ಸಿನಲ್ಲೇ ಹೇಳಿಕೊಂಡರೆ ಸಾಕು, ತಪ್ಪು ತಾನಾಗಿ ಕಾಣುತ್ತದೆ.

ಅರ್ಧ ಅಂಕ ಕೊಟ್ಟರೇನು?

ಹಾಗಿದ್ದರೆ ಅರ್ಧ ಗೊತ್ತಿದ್ದವರಿಗೆ ಅರ್ಧ ಅಂಕ ಕೊಡಬಹುದಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಈ ಪ್ರಶ್ನೆ ಮಾದರಿಯ ಹುಟ್ಟಿನಲ್ಲೇ ಇದೆ. ಅಮೆರಿಕದ ಕಾನ್ಸಾಸ್‌ನಲ್ಲಿ ಶಿಕ್ಷಕರ ತರಬೇತಿ ಶಾಲೆಯಲ್ಲಿದ್ದ ಫ್ರೆಡರಿಕ್ ಕೆಲ್ಲಿ ಎಂಬವರು 1914ರಲ್ಲಿ ಶಿಕ್ಷಕರು ಕೊಡುವ ಅಂಕಗಳು ಎಷ್ಟು ಏರುಪೇರಾಗುತ್ತವೆ ಎಂಬುದರ ಮೇಲೆ ಪ್ರಬಂಧ ಬರೆದಿದ್ದರು. ಒಂದೇ ಉತ್ತರಕ್ಕೆ ಒಬ್ಬ ಶಿಕ್ಷಕ ಹೆಚ್ಚು, ಇನ್ನೊಬ್ಬ ಕಡಿಮೆ ಅಂಕ ಕೊಡುವುದನ್ನು ತಪ್ಪಿಸುವುದು ಹೇಗೆ ಎಂಬ ಯೋಚನೆಯಿಂದ ಅವರು 1915ರ ಹೊತ್ತಿಗೆ ಮೌನ ಓದಿನ ಪರೀಕ್ಷೆಯೊಂದನ್ನು ರೂಪಿಸಿದರು. ಬಹು ಆಯ್ಕೆ ಪರೀಕ್ಷೆಗಳ ಮೊದಲ ಮಾದರಿ ಎಂದು ಅದನ್ನು ಗುರುತಿಸುತ್ತಾರೆ. ಪ್ರಶ್ನೆಗೆ ಒಂದೇ ಅರ್ಥವಿರಬೇಕು, ಉತ್ತರ ಪೂರ್ತಿ ಸರಿ ಅಥವಾ ಪೂರ್ತಿ ತಪ್ಪಾಗಿರಬೇಕು, ಅರ್ಧಂಬರ್ಧಕ್ಕೆ ಎಡೆ ಇರಬಾರದು ಎಂಬುದು ಅವರು ಇಟ್ಟುಕೊಂಡ ನಿಯಮ. ಅರ್ಧ ಸರಿಗೆ ಎಷ್ಟು ಅಂಕ ಎಂದು ಯಾರೋ ಒಬ್ಬರು ಕೂತು ತೀರ್ಮಾನಿಸತೊಡಗಿದ ಕೂಡಲೇ ಮೌಲ್ಯಮಾಪಕರ ಮನಸ್ಸಿನ ಏರುಪೇರು ಮತ್ತೆ ಒಳಗೆ ಬರುತ್ತದೆ. ಅದನ್ನು ಹೊರಗಿಡಲೆಂದೇ ಈ ಮಾದರಿ ಹುಟ್ಟಿತು.

ಆದರೂ ಅರ್ಧ ಜ್ಞಾನಕ್ಕೆ ಅಂಕ ಕೊಡುವ ಒಂದು ದೊಡ್ಡ ಪರೀಕ್ಷೆ ನಮ್ಮಲ್ಲಿದೆ. ಐಐಟಿಗಳ ಪ್ರವೇಶಕ್ಕೆ ನಡೆಯುವ ಜೆಇಇ ಅಡ್ವಾನ್ಸ್ಡ್‌ನಲ್ಲಿ ಒಂದಕ್ಕಿಂತ ಹೆಚ್ಚು ಸರಿ ಆಯ್ಕೆಗಳಿರುವ ಪ್ರಶ್ನೆಗಳೂ ಇರುತ್ತವೆ. ಸರಿಯಾದ ಆಯ್ಕೆಗಳೆಲ್ಲವನ್ನೂ ಗುರುತಿಸಿದರೆ ನಾಲ್ಕು ಅಂಕ. ಮೂರು ಸರಿ ಇರುವಲ್ಲಿ ಎರಡನ್ನಷ್ಟೇ ಗುರುತಿಸಿ, ಆ ಎರಡೂ ಸರಿಯಾಗಿದ್ದರೆ ಎರಡು ಅಂಕ. ಒಂದನ್ನಷ್ಟೇ ಗುರುತಿಸಿ ಅದು ಸರಿಯಾಗಿದ್ದರೆ ಒಂದು ಅಂಕ. ಆದರೆ ಎರಡು ಸರಿ ಆಯ್ಕೆಗಳ ಜೊತೆಗೆ ಒಂದು ತಪ್ಪು ಆಯ್ಕೆಯನ್ನು ಸೇರಿಸಿದರೆ ಬರುವುದು ಸೊನ್ನೆಯೂ ಅಲ್ಲ, ಎರಡು ಅಂಕ ಕಡಿತ.

ಈ ಲೆಕ್ಕ ಎರಡು ಬಗೆಯ ಅರ್ಧ ಸರಿಗಳನ್ನು ಅಂಕದಲ್ಲೇ ಬೇರೆ ಮಾಡಿ ತೋರಿಸುತ್ತದೆ. ಗೊತ್ತಿದ್ದಷ್ಟನ್ನು ಹೇಳಿ ಸುಮ್ಮನಾದವರ ಅಪೂರ್ಣತೆಗೆ ಅಲ್ಲಿ ಬೆಲೆ ಇದೆ. ನಿಜದ ಜೊತೆ ಸುಳ್ಳನ್ನು ಬೆರೆಸಿದವರಿಗೆ ದಂಡವಿದೆ. ಒಂದೇ ಉತ್ತರ ಆರಿಸುವ ಪರೀಕ್ಷೆಗಳಲ್ಲಿ ಈ ರಿಯಾಯಿತಿ ಕೊಡಲಾಗದು, ಏಕೆಂದರೆ ಅಲ್ಲಿ ಎಯನ್ನು ಆರಿಸಿದವನು ಗೊತ್ತಿದ್ದಷ್ಟು ಹೇಳಿ ನಿಂತಿಲ್ಲ. ಸಿಯನ್ನು ಓದಿಯೂ ಅದನ್ನು ಬಿಟ್ಟಿದ್ದಾನೆ. ಅಕ್ಷದ ವಾಲುವಿಕೆಯನ್ನು ಸೇರಿಸಿಕೊಳ್ಳುವ ಅವಕಾಶ ಕಣ್ಣೆದುರಿಗೇ ಇದ್ದಾಗ ಅದು ಬೇಡ ಎಂದಿದ್ದಾನೆ. ಆ ಆಯ್ಕೆಯನ್ನು ಅಲ್ಲಿ ಇಟ್ಟಿರುವುದೇ ಪೂರ್ತಿ ತಿಳಿದವರನ್ನು ಅರ್ಧ ತಿಳಿದವರಿಂದ ಬೇರ್ಪಡಿಸಲು. ಏನೂ ತಿಳಿಯದವರನ್ನು ಬೇರ್ಪಡಿಸಲು ಡಿ ಒಂದೇ ಸಾಕಿತ್ತು.

ಕೀ ಉತ್ತರವೇ ಅರ್ಧ ಸರಿಯಾದಾಗ

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಪೂರ್ಣ ಸರಿ ಉತ್ತರ ನಿಜಕ್ಕೂ ಪತ್ರಿಕೆಯಲ್ಲಿ ಇದ್ದರೆ ಮಾತ್ರ ಅರ್ಧ ಸರಿಯನ್ನು ಸೋಲಿಸುವುದು ನ್ಯಾಯ. ಕೆಲವೊಮ್ಮೆ ಕೀ ಉತ್ತರವೇ ಅರ್ಧ ಸರಿಯಾಗಿರುತ್ತದೆ, ಇಲ್ಲವೇ ಎರಡು ಆಯ್ಕೆಗಳು ಒಂದೇ ಮಟ್ಟದ ಅರ್ಧ ಸತ್ಯಗಳಾಗಿರುತ್ತವೆ. ಅದನ್ನು ಪತ್ತೆ ಮಾಡಲು ಪರೀಕ್ಷಾ ತಜ್ಞರು ಬಳಸುವ ಒಂದು ವಿಧಾನವಿದೆ. ಒಟ್ಟು ಅಂಕದಲ್ಲಿ ಮೇಲಿರುವ ಶೇಕಡ 27ರಷ್ಟು ಮಂದಿ ಮತ್ತು ಕೆಳಗಿರುವ ಶೇಕಡ 27ರಷ್ಟು ಮಂದಿ ಆ ಪ್ರಶ್ನೆಗೆ ಏನು ಉತ್ತರಿಸಿದ್ದಾರೆಂದು ಹೋಲಿಸುತ್ತಾರೆ. ಒಳ್ಳೆಯ ಪ್ರಶ್ನೆಯಲ್ಲಿ ಮೇಲಿನವರು ಹೆಚ್ಚಾಗಿ ಕೀ ಉತ್ತರವನ್ನು, ಕೆಳಗಿನವರು ಹೆಚ್ಚಾಗಿ ಬೇರೆ ಆಯ್ಕೆಗಳನ್ನು ಆರಿಸಿರುತ್ತಾರೆ. ಮೇಲಿನವರೇ ದೊಡ್ಡ ಸಂಖ್ಯೆಯಲ್ಲಿ ಒಂದು "ತಪ್ಪು" ಆಯ್ಕೆಗೆ ಹೋಗಿದ್ದರೆ ಆ ಪ್ರಶ್ನೆಯನ್ನು ಮತ್ತೆ ನೋಡಬೇಕೆಂದು ಅರ್ಥ. ನೀಟ್‌ನಲ್ಲಿ ಪೂರ್ಣಾಂಕದ 61 ಮಂದಿಯಲ್ಲಿ 44 ಮಂದಿ ಅರ್ಧ ಸರಿ ಆಯ್ಕೆಗೆ ಹೋಗಿದ್ದು ಅಂಥದೇ ಎಚ್ಚರಿಕೆ. ಆದರೆ ಎಚ್ಚರಿಕೆ ತೀರ್ಪಲ್ಲ. ಅಲ್ಲಿ ಹುಡುಕಿದಾಗ ಸಿಕ್ಕ ತಪ್ಪು ಹಳೆಯ ಪುಸ್ತಕದಲ್ಲಿತ್ತು, ಕೀ ಉತ್ತರ ಸರಿಯಾಗಿತ್ತು.

ಅಭ್ಯರ್ಥಿಗೆ ಈ ಅಂಕಿಅಂಶಗಳು ಸಿಗುವುದಿಲ್ಲ. ಅವರ ಕೈಯಲ್ಲಿರುವುದು ಆಕ್ಷೇಪಣೆ ಸಲ್ಲಿಸುವ ಅವಕಾಶ. ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರವೂ ಕೆಪಿಎಸ್‌ಸಿಯೂ ತಾತ್ಕಾಲಿಕ ಕೀ ಉತ್ತರ ಪ್ರಕಟಿಸಿ, ಗಡುವಿನೊಳಗೆ ದಾಖಲೆ ಸಹಿತ ಆಕ್ಷೇಪಣೆ ಕೇಳುತ್ತವೆ. ಇಲ್ಲಿ ಬಹಳ ಮಂದಿ ಮಾಡುವ ತಪ್ಪೆಂದರೆ ತಮ್ಮ ಆಯ್ಕೆ ನಿಜ ಎಂದು ಸಾಧಿಸಲು ಹೊರಡುವುದು. ಋತುವಿನ ಪ್ರಶ್ನೆಯಲ್ಲಿ ಪರಿಭ್ರಮಣೆ ಒಂದು ಕಾರಣ ಎಂದು ಹತ್ತು ಪುಸ್ತಕಗಳ ಪುಟಗಳನ್ನು ಲಗತ್ತಿಸಿದರೂ ಆಕ್ಷೇಪಣೆ ನಿಲ್ಲದು, ಅದನ್ನು ಯಾರೂ ಅಲ್ಲಗಳೆದಿಲ್ಲ. ತೋರಿಸಬೇಕಾದದ್ದು ಬೇರೆ: ಕೀ ಉತ್ತರದೊಳಗೆ ಸುಳ್ಳಿದೆ ಎಂದೋ, ಇಲ್ಲವೇ ಕೇಳಿದ ಪ್ರಶ್ನೆಗೆ ತನ್ನ ಆಯ್ಕೆ ಕೀ ಉತ್ತರದಷ್ಟೇ ಪೂರ್ಣವಾಗಿದೆ ಎಂದೋ. ಕಾನೂನಿನ ನಿಲುವೂ ಇದೇ ದಿಕ್ಕಿನದು. ಕಾನ್ಪುರ ವಿಶ್ವವಿದ್ಯಾಲಯ ಮತ್ತು ಸಮೀರ್ ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1983ರಲ್ಲೇ ಹೇಳಿದಂತೆ, ಕೀ ಉತ್ತರ ತಪ್ಪೆಂದು ಸ್ಪಷ್ಟವಾಗಿ ಸಾಬೀತಾಗುವವರೆಗೆ ಅದು ಸರಿಯೆಂದೇ ಪರಿಗಣಿತವಾಗುತ್ತದೆ. ಸಂದೇಹವಿದ್ದರೆ ಅದರ ಲಾಭ ಪರೀಕ್ಷೆ ನಡೆಸುವವರಿಗೆ ಎಂದು 2017ರ ರಣ್ ವಿಜಯ್ ಸಿಂಗ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಿತು.

ಕೊಠಡಿಯೊಳಗೆ ಕೇಳಿಕೊಳ್ಳಬೇಕಾದ ಎರಡು ಪ್ರಶ್ನೆ

ಪರೀಕ್ಷೆ ಬರೆಯುವವರಿಗೆ ಇದರಿಂದ ಸಿಗುವ ಪಾಠ ಚಿಕ್ಕದು. ಆಯ್ಕೆಯೊಂದು ಸರಿ ಅನ್ನಿಸಿದ ತಕ್ಷಣ ವೃತ್ತ ತುಂಬಬೇಡಿ. ಮೊದಲು ಅದರೊಳಗಿನ ಮಾತುಗಳನ್ನು ಬಿಡಿಬಿಡಿಯಾಗಿ ನೋಡಿ: ಇದರಲ್ಲಿ ಒಂದಾದರೂ ಸುಳ್ಳಿದೆಯೇ? ಎಲ್ಲ, ಪ್ರತಿ, ಯಾವಾಗಲೂ, ಎಂದಿಗೂ, ಮಾತ್ರ ಎಂಬ ಪದಗಳ ಕೆಳಗೆ ಗೆರೆ ಎಳೆಯಿರಿ. ಅಂಥ ಪದವಿದ್ದ ಮಾತ್ರಕ್ಕೆ ಆಯ್ಕೆ ತಪ್ಪಾಗುವುದಿಲ್ಲ, ಪರಮಾಣುಗಳೆಲ್ಲಕ್ಕೂ ಬೀಜಕೇಂದ್ರವಿದೆ ಎಂಬ ಮಾತು ನಿಜವೇ. ಆದರೆ ಆ ಪದಕ್ಕೆ ಒಂದು ಅಪವಾದ ಹೊಳೆದರೂ ಆಯ್ಕೆ ಬಿದ್ದುಹೋಯಿತೆಂದೇ ತಿಳಿಯಿರಿ. ಸುಳ್ಳಿಲ್ಲ ಎಂದಾದರೆ ಎರಡನೆಯ ಪ್ರಶ್ನೆ: ಇದರಲ್ಲಿರುವುದನ್ನೆಲ್ಲ ಹೇಳಿ, ಕೇಳಿದ ಪ್ರಶ್ನೆಗೆ ಇನ್ನೂ ಹೆಚ್ಚು ಪೂರ್ಣವಾಗಿ ಉತ್ತರಿಸುವ ಆಯ್ಕೆ ಪಕ್ಕದಲ್ಲಿದೆಯೇ? ಇದ್ದರೆ, ಮತ್ತು ಆ ಹೆಚ್ಚಿನ ಭಾಗವೂ ನಿಜವಾಗಿದ್ದರೆ, ಗೆಲ್ಲುವುದು ಅದೇ.

ಕೊನೆಯ ಷರತ್ತನ್ನು ಮರೆಯಬಾರದು. ಉದ್ದವಾಗಿದ್ದ ಮಾತ್ರಕ್ಕೆ ಆಯ್ಕೆ ಪೂರ್ಣವಲ್ಲ. "ಮೂರೂ ಸರಿ" ಎಂಬುದು "1 ಮತ್ತು 2" ಎಂಬುದಕ್ಕಿಂತ ಹೆಚ್ಚು ಹೇಳುತ್ತದೆ, ಆದರೆ ಆ ಹೆಚ್ಚಿನದ್ದೇ ಮಲಪ್ರಭೆಯ ಸುಳ್ಳು. ಹೀಗಾಗಿ ಮೊದಲ ಪ್ರಶ್ನೆಯನ್ನು ಮೊದಲು, ಎರಡನೆಯದನ್ನು ಆಮೇಲೆ ಕೇಳುವ ಕ್ರಮವೇ ಸರಿ.

ಇನ್ನು ಪ್ರಶ್ನೆಪತ್ರಿಕೆ ತಯಾರಿಸುವ ಶಿಕ್ಷಕರಲ್ಲಿ ಒಂದು ಕೋರಿಕೆ. ಕೀ ಉತ್ತರ ಯಾಕೆ ಸರಿ ಎಂದು ನೀವು ಬರೆದಿಟ್ಟುಕೊಳ್ಳುವಿರಿ. ಅದರ ಕೆಳಗೆ ಉಳಿದ ಮೂರು ಆಯ್ಕೆಗಳಲ್ಲಿ ಪ್ರತಿಯೊಂದೂ ಯಾಕೆ ಸೋಲುತ್ತದೆ ಎಂದು ಒಂದೊಂದು ವಾಕ್ಯ ಬರೆಯಿರಿ: ಇದರಲ್ಲಿ ಇಂಥ ಸುಳ್ಳಿದೆ, ಇದು ಇಷ್ಟನ್ನು ಬಿಟ್ಟಿದೆ. ಪಠ್ಯದ ಯಾವ ಆವೃತ್ತಿಯನ್ನು ಆಧರಿಸಿದ್ದೀರಿ ಎಂಬುದನ್ನೂ ನಮೂದಿಸಿ. ಮೂರರಲ್ಲಿ ಒಂದಕ್ಕಾದರೂ ಆ ವಾಕ್ಯ ಬರೆಯಲಾಗದಿದ್ದರೆ ಆ ಪ್ರಶ್ನೆಯನ್ನು ಮಕ್ಕಳ ಮುಂದೆ ಇಡಬೇಡಿ.